ಬೆಂಚಿನ ಮೇಲಿಂದ ಎದ್ದು ಹೋದವನು

ಡೊಂಬಿವಲಿ
ಭಾನುವಾರ ರಾತ್ರಿ

ಮುದ್ದು ಮಗಳೇ,

ನೀನು ಕಳಿಸಿದ ಎಂಟು ಪುಟ ಓದಿದೆ. ಮೊದಲ ಸಲ ಅಡುಗೆಮನೆಯಲ್ಲಿ ನಿಂತೇ ಓದಿದೆ. ಎರಡನೇ ಸಲ ರಾತ್ರಿ ಊಟ ಮುಗಿಸಿ, ಪೆನ್ಸಿಲ್ ಹಿಡಿದು ಕೂತೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು "ಚೆನ್ನಾಗಿದೆ ಕಣೇ" ಎಂದುಬಿಡುತ್ತೇನೆ. ನೀನು "ಸುಮ್ನೆ ಹೇಳ್ತೀಯಮ್ಮ" ಎನ್ನುತ್ತೀಯ. ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಈ ಪತ್ರ.

ಪುಣೆಯ ನಿಮ್ಮ ಕೈಬರಹದ ಪತ್ರಿಕೆಗೆ ಎಮಿಲಿ ಬ್ರಾಂಟೆಯ 'ವದರಿಂಗ್ ಹೈಟ್ಸ್' ಕಾದಂಬರಿಗೊಂದು ಕೊನೆಯ ಅಧ್ಯಾಯ ಬರೆಯುತ್ತೇನೆ, ಹತ್ತು ವರ್ಷ ಆದಮೇಲೆ ನೆಲ್ಲಿ, ಅಂದರೆ ಎಲೆನ್ ಡೀನ್ ಮಾತಾಡುವ ಹಾಗೆ ಬರೆಯುತ್ತೇನೆ ಎಂದು ನೀನು ಹೇಳಿದಾಗ ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ನೆಲ್ಲಿ ನನಗೆ ಬಹಳ ಹತ್ತಿರದವಳು. ಎಲ್ಲರೂ ಹೀತ್‌ಕ್ಲಿಫ್, ಕ್ಯಾಥರಿನ್ ಅಂತ ಅಳುತ್ತಾರೆ. ಅವರಿಬ್ಬರ ಕಥೆ ನಮಗೆ ಗೊತ್ತಾಗಿದ್ದೇ ಈ ಮನೆವಾರ್ತೆಯವಳ ಬಾಯಿಂದ, ಅಲ್ವಾ? ಅವಳು ಹೊಲಿಗೆಯ ಬುಟ್ಟಿ ತಂದಿಟ್ಟುಕೊಂಡು ಹೇಳುತ್ತಾ ಹೋಗುತ್ತಾಳೆ. ಹುಷಾರಿಲ್ಲದೆ ಮಲಗಿದ ಬಾಡಿಗೆದಾರ ಲಾಕ್‌ವುಡ್ ಕೇಳಿ ಬರೆದುಕೊಳ್ಳುತ್ತಾನೆ.

ನಿನ್ನ ಲೆಕ್ಕವೆಲ್ಲ ಸರಿಯಾಗಿದೆ. ಲಾಕ್‌ವುಡ್ ಕೊನೆಯ ಸಲ ಬರುವುದು 1802ರ ಸೆಪ್ಟೆಂಬರಿನಲ್ಲಿ. ಆದ್ದರಿಂದ ನಿನ್ನ ಕಥೆ 1812ರ ಸೆಪ್ಟೆಂಬರ್. ಆಗ ಕ್ಯಾಥರಿನ್‌ನ ಅಣ್ಣನ ಮಗ ಹೇರ್ಟನ್‌ಗೆ 34, ಕ್ಯಾಥರಿನ್‌ನ ಮಗಳು ಚಿಕ್ಕ ಕ್ಯಾಥಿಗೆ 28. ನೆಲ್ಲಿಗೆ 55ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ನನ್ನ ವಯಸ್ಸು. ಇಷ್ಟು ಲೆಕ್ಕ ಹಾಕಿ ಕೂತಿದ್ದೀಯಲ್ಲ, ಅದೇ ಅರ್ಧ ಕೆಲಸ.

ಆದರೆ ನಿನ್ನ ಎಂಟು ಪುಟದಲ್ಲಿ ನೆಲ್ಲಿ ಏನು ಮಾಡುತ್ತಾಳೆ ನೋಡು. ಹೇರ್ಟನ್ ಮತ್ತು ಕ್ಯಾಥಿಯ ಮೂರು ಮಕ್ಕಳ ಸುದ್ದಿ ಹೇಳುತ್ತಾಳೆ. ಹಳೇ ಆಳು ಜೋಸೆಫ್ ಸತ್ತ ಸುದ್ದಿ ಹೇಳುತ್ತಾಳೆ. ಆ ವರ್ಷ ಯಾರ್ಕ್‌ಶೈರಿನಲ್ಲಿ ಬಟ್ಟೆ ಕೆಲಸದವರು ಗಿರಣಿಗೆ ನುಗ್ಗಿ ಯಂತ್ರ ಒಡೆಯಲು ಹೋದದ್ದನ್ನು ಎರಡು ಪುಟ ಹೇಳುತ್ತಾಳೆ. ಕೊನೆಗೆ ಗುಡ್ಡದ ಮೇಲೆ ಎರಡು ನೆರಳು ಕಂಡು, ಕೈಮುಗಿದು, ಎಲ್ಲರನ್ನೂ ಕ್ಷಮಿಸುತ್ತಾಳೆ. ಒಂದೊಂದೂ ಓದಲು ಚೆಂದ. ಆದರೆ ಇದನ್ನೆಲ್ಲ ಯಾರು ಬೇಕಾದರೂ ಹೇಳಬಹುದು. ಗಿಮರ್ಟನ್ ಹಳ್ಳಿಯ ಯಾವ ಹೆಂಗಸಾದರೂ ಹೇಳುತ್ತಾಳೆ. ನೆಲ್ಲಿಯೇ ಯಾಕೆ ಹೇಳಬೇಕು? ಹತ್ತು ವರ್ಷ ಬಿಟ್ಟು ಯಾಕೆ ಹೇಳಬೇಕು?

ನಾನು ಯೋಚಿಸಿದ್ದು ಇಷ್ಟೇ. ಬಾಕಿಯವರು ಏನಾದರು ಎನ್ನುವುದು ಈ ಬರಹಕ್ಕೆ ನೆಪ ಅಷ್ಟೇ. ಕಥೆ ಹೇಳಿದವಳು ಅವತ್ತು ಯಾವ ಮಾತಿನ ಮೇಲೆ ಬೇಗ ಬೇಗ ಹಾದುಹೋದಳು ಅಂತ ನೋಡಬೇಕು. ಹತ್ತು ವರ್ಷದ ಮೇಲೆ ಅವಳು ಬಾಯಿ ಬಿಡುವುದಾದರೆ ಅದರ ಬಗ್ಗೆಯೇ ಬಿಡಬೇಕು.

ಒಂಬತ್ತನೇ ಅಧ್ಯಾಯ ತೆಗೆದು ನೋಡು. ವದರಿಂಗ್ ಹೈಟ್ಸ್ ಎನ್ನುವ ಆ ಮನೆಯ ಅಡುಗೆಮನೆ. ನೆಲ್ಲಿ ಎರಡು ವರ್ಷದ ಹೇರ್ಟನ್‌ನನ್ನು ಮಡಿಲಲ್ಲಿಟ್ಟು ತೂಗುತ್ತಿದ್ದಾಳೆ. ಕ್ಯಾಥರಿನ್ ಬಂದು ನೆಲದ ಮೇಲೆ ಕೂತು, ಗ್ರೇಂಜ್ ಮನೆಯ ಎಡ್ಗರ್ ಲಿಂಟನ್‌ನನ್ನು ಮದುವೆಯಾಗಲು ಒಪ್ಪಿಗೆ ಕೊಟ್ಟೆ ಎನ್ನುತ್ತಾಳೆ. ಎತ್ತರದ ಬೆನ್ನಿನ ಒಂದು ದೊಡ್ಡ ಮರದ ಪೀಠ ಇದೆಯಲ್ಲ, ಅದರ ಆಚೆಬದಿಗೆ ಗೋಡೆಯ ಹತ್ತಿರ ಒಂದು ಬೆಂಚು. ಅಲ್ಲಿ ಹೀತ್‌ಕ್ಲಿಫ್ ಬಿದ್ದುಕೊಂಡಿದ್ದಾನೆ. ನೆಲದ ಮೇಲಿದ್ದ ಕ್ಯಾಥರಿನ್‌ಗೆ ಪೀಠದ ಬೆನ್ನು ಅಡ್ಡ, ಅವಳಿಗೆ ಕಾಣುವುದಿಲ್ಲ. ಹೀತ್‌ಕ್ಲಿಫ್‌ನನ್ನು ಮದುವೆಯಾದರೆ ನನ್ನ ಮರ್ಯಾದೆಗೇ ಕಡಿಮೆ ಎನ್ನುವ ಅರ್ಥದ ಮಾತು ಅವಳ ಬಾಯಿಂದ ಬರುತ್ತದೆ. ಅಷ್ಟು ಕೇಳಿಸಿಕೊಂಡು ಅವನು ಸದ್ದಿಲ್ಲದೆ ಎದ್ದು ಹೋಗುತ್ತಾನೆ. ಅವನನ್ನು ಎಷ್ಟು ಪ್ರೀತಿಸುತ್ತೇನೆ ಎಂದು ಅವಳು ಹೇಳುವುದು ಅದರ ಬೆನ್ನಿಗೇ. ಅದನ್ನು ಕೇಳಲು ಅವನು ಅಲ್ಲಿಲ್ಲ.

ಅವನು ಹೋದದ್ದನ್ನು ನೆಲ್ಲಿ ನೋಡುತ್ತಾಳೆ. ಅದೇ ಹೊತ್ತಿಗೆ ದಾರಿಯಲ್ಲಿ ಗಾಡಿಯ ಸದ್ದು ಕೇಳುತ್ತದೆ. "ಶ್, ಜೋಸೆಫ್ ಬಂದ" ಎನ್ನುತ್ತಾಳೆ. ಹೀತ್‌ಕ್ಲಿಫ್ ಬಾಗಿಲ ಹತ್ತಿರ ಇದ್ದನೋ ಏನೋ ಎಂದೂ ಸೇರಿಸುತ್ತಾಳೆ. ಕಂಡದ್ದನ್ನು ಕಂಡ ಹಾಗೆ ಹೇಳುವುದಿಲ್ಲ. ಆಮೇಲೆ ಹೇಳುತ್ತಾಳೆ, ಅಷ್ಟರಲ್ಲಿ ಹೊತ್ತು ಮೀರಿದೆ. ಕ್ಯಾಥರಿನ್ ಮಳೆಯಲ್ಲಿ ನೆನೆಯುತ್ತಾ ಹುಡುಕಿ ಜ್ವರ ಹಿಡಿದು ಮಲಗುತ್ತಾಳೆ. ಅವನು ಮೂರು ವರ್ಷ ಪತ್ತೆಯೇ ಇಲ್ಲ. ಬರುವ ಹೊತ್ತಿಗೆ ಅವಳು ಬೇರೆಯವರ ಹೆಂಡತಿ.

ಲಾಕ್‌ವುಡ್‌ಗೆ ಹೇಳುವಾಗ ನೆಲ್ಲಿ ಇಲ್ಲಿ ನಿಲ್ಲುವುದೇ ಇಲ್ಲ. ನಾನು ಹೀಗೆಂದೆ, ಅವಳು ಹಾಗೆಂದಳು, ಮುಂದಕ್ಕೆ. ಇದೊಂದೇ ಅಲ್ಲ. ಮದುವೆಯಾದ ಮೇಲೆ ಕ್ಯಾಥರಿನ್ ಮೂರು ದಿನ ಕೋಣೆಯ ಬಾಗಿಲು ಹಾಕಿಕೊಂಡು ಉಪವಾಸ ಬಿದ್ದಾಗಲೂ, ಅದು ನಾಟಕ ಎಂದುಕೊಂಡು ನೆಲ್ಲಿ ಗಂಡನಿಗೆ ತಿಳಿಸುವುದಿಲ್ಲ. ಆಗ ಕ್ಯಾಥರಿನ್ ಅವಳನ್ನು ಮರೆಯಲ್ಲಿರುವ ಶತ್ರು ಎಂದೇ ಕರೆಯುತ್ತಾಳೆ. ಎರಡನ್ನೂ ಹಿಡಿಯಬೇಡ ಮಗಾ. ಎರಡು ತಪ್ಪು ಜೋಡಿಸಿದರೆ ನೆಲ್ಲಿ ಕೆಟ್ಟವಳಾಗಿ ಕಾಣುತ್ತಾಳೆ. ಒಂದೇ ಹಿಡಿದರೆ ಮನುಷ್ಯಳಾಗಿ ಕಾಣುತ್ತಾಳೆ. ನಾನಾದರೆ ಬೆಂಚನ್ನು ಹಿಡಿಯುತ್ತೇನೆ.

ನನಗೆ ಈ ಬೆಂಚು ಯಾಕೆ ಇಷ್ಟು ಕಾಡುತ್ತದೆ ಎಂದರೆ ನಮ್ಮ ಮನೆಯಲ್ಲೂ ಒಂದು ಇತ್ತು. ನೀನು ಹುಟ್ಟುವ ಮೊದಲಿನ ಮಾತು. ಪರೇಲಿನ ಚಾಳಿನಲ್ಲಿ ನಾವು ಏಳು ಜನ ಒಂದು ಖೋಲಿಯಲ್ಲಿದ್ದೆವು. ನಡುವೆ ಹಳೇ ಸೀರೆಯ ಪರದೆ. ಹೊರಗೆ ಗ್ಯಾಲರಿ. ಚಿಕ್ಕಪ್ಪ ಹೋಟೆಲಿನಲ್ಲಿ ಪಾಳಿ ಮುಗಿಸಿ ಬಂದು ಗ್ಯಾಲರಿಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ಒಂದು ದಿನ ನನ್ನಮ್ಮ, ಅಂದರೆ ನಿನ್ನ ಅಜ್ಜಿ, ಒಳಗೆ ಮುತ್ತಜ್ಜಿಯ ಹತ್ತಿರ ಹೇಳುತ್ತಿದ್ದರು, "ಇವನೊಬ್ಬ ಇಲ್ಲದಿದ್ದರೆ ಮಕ್ಕಳಿಗೆ ಕಾಲು ಚಾಚುವಷ್ಟಾದರೂ ಜಾಗ ಇರುತ್ತಿತ್ತು" ಅಂತ. ಸುಸ್ತಿನ ಮಾತು. ಅದರ ಮುಂದಿನ ಮಾತು "ಆದರೆ ಅವನು ಇಲ್ಲದ ಮನೆ ಮನೆಯಾ" ಅಂತ. ಚಿಕ್ಕಪ್ಪ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡು ಮೆಟ್ಟಿಲಿಳಿದರು. ಆಮೇಲೆ ಹೋಟೆಲಿನಲ್ಲೇ ಮಲಗಿದರು. ನಮ್ಮ ಮನೆಯಲ್ಲಿ ಮತ್ತೆ ಉಣ್ಣಲಿಲ್ಲ.

ಮುತ್ತಜ್ಜಿ ಕೂತ ಜಾಗದಿಂದ ಸ್ಟೂಲು ಕಾಣುತ್ತಿತ್ತು. ಅದನ್ನು ಅವರು ನನಗೆ ಹೇಳಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಹೇಗೆ ಹೇಳಿದರು ಗೊತ್ತಾ? ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಈ ಸಲದ ಬೆಳ್ಳುಳ್ಳಿ ಸಣ್ಣ, ಸಿಪ್ಪೆಯೇ ಜಾಸ್ತಿ ಅಂದರು. "ಅವತ್ತು ಅವನು ಸ್ಟೂಲಿನಿಂದ ಎದ್ದದ್ದು ನಂಗೆ ಕಂಡಿತ್ತು" ಅಂದರು. ಆಮೇಲೆ, ಈ ಗಡ್ಡೆ ಪೂರಾ ಹಾಳು ಅಂತ ಪಕ್ಕಕ್ಕೆ ಇಟ್ಟರು. ಅಷ್ಟೇ. ಅಳಲಿಲ್ಲ, ಕ್ಷಮೆ ಅನ್ನುವ ಪದ ಬರಲಿಲ್ಲ. ಮತ್ತೆ ಆ ಮಾತನ್ನು ಎತ್ತಲೂ ಇಲ್ಲ.

ನಿನ್ನ ನೆಲ್ಲಿಗೆ ಬೇಕಾಗಿರುವುದು ಆ ಬೆಳ್ಳುಳ್ಳಿ. ಒಪ್ಪಿಕೊಳ್ಳುವ ಮಾತು ಎರಡು ಮನೆಕೆಲಸದ ಮಾತಿನ ನಡುವೆ ಬರಬೇಕು. ಬಂದ ಕೂಡಲೇ ಅವಳೇ ಅದರ ಮೇಲೆ ಏನಾದರೂ ಮುಚ್ಚಬೇಕು. ನೀನು ಬರೆದ ಹಾಗೆ ಒಂದು ಪುಟವಿಡೀ ಪಶ್ಚಾತ್ತಾಪ ಬಂದರೆ ಅದು ನೆಲ್ಲಿ ಅಲ್ಲ, ನೀನು. ಅವಳು ಗಾದೆ ಹೇಳುವವಳು, ಬುದ್ಧಿ ಹೇಳುವವಳು, ತನ್ನದು ಸರಿ ಎಂದು ತೋರಿಸಿಕೊಳ್ಳುವವಳು. ಐವತ್ತೈದಕ್ಕೆ ಆ ಸ್ವಭಾವ ಬಿಟ್ಟುಹೋಗುವುದಿಲ್ಲ.

ಇನ್ನು ಅವಳು ಯಾರಿಗೆ ಹೇಳುತ್ತಾಳೆ ಎನ್ನುವುದು. ನೀನು ಸುಮ್ಮನೆ ಗಾಳಿಗೆ ಮಾತಾಡಿಸಿದ್ದೀಯ. ಮೂಲದಲ್ಲಿ ಅವಳು ಕೇಳುವವರಿಲ್ಲದೆ ಕಥೆ ಹೇಳಿದ್ದೇ ಇಲ್ಲ. ಲಾಕ್‌ವುಡ್ ಆ ಊರು ಬಿಟ್ಟು ಹೋಗಿಯಾಗಿದೆ. ಅವನಿಗೆ ಕಾಗದ ಬರೆಸು. ಅವಳು ಓದುಬರಹ ಬಲ್ಲವಳು, ಗ್ರೇಂಜ್ ಮನೆಯ ಪುಸ್ತಕಗಳನ್ನೆಲ್ಲ ತೆರೆದು ನೋಡಿದ್ದೇನೆ ಎಂದು ತಾನೇ ಹೇಳುತ್ತಾಳೆ. ಇದರಿಂದ ಇನ್ನೊಂದು ಅನುಕೂಲ ಇದೆ. ಆ ಕಾಲದ ಇಂಗ್ಲೆಂಡಿನಲ್ಲಿ ಅಂಚೆಯ ಹಣವನ್ನು ಸಾಮಾನ್ಯವಾಗಿ ಕಾಗದ ಪಡೆದವರೇ ಕೊಡಬೇಕಿತ್ತು. ಎಷ್ಟು ದೂರ, ಎಷ್ಟು ಹಾಳೆ ಅಂತ ಲೆಕ್ಕ. ಎಲ್ಲ ಕಡೆಗೂ ಒಂದೇ ಪೆನ್ನಿ ಎಂದಾದದ್ದು 1840ರಲ್ಲಿ. ಹಾಗಾಗಿ ಮರ್ಯಾದೆ ಗೊತ್ತಿರುವ ಹೆಂಗಸು ಒಂದೇ ಹಾಳೆಯಲ್ಲಿ ಮುಗಿಸುತ್ತಾಳೆ, ಅದನ್ನೇ ಮಡಿಸಿ ಮೇಲೆ ವಿಳಾಸ ಬರೆಯುತ್ತಾಳೆ. ಎಂಟು ಪುಟ ಬರೆಯುವುದಿಲ್ಲ. ಹಾಳೆ ಮುಗಿಯುತ್ತಾ ಬಂದಾಗ ಏನು ಹೇಳುತ್ತಾಳೆ, ಏನು ಬಿಡುತ್ತಾಳೆ ಎಂದು ನೀನು ಯೋಚಿಸಲೇಬೇಕಾಗುತ್ತದೆ.

ಆ ಗಿರಣಿಯ ಗಲಾಟೆ ನಿಜವಾದದ್ದೇ, ನೀನು ಹುಡುಕಿ ಓದಿದ್ದೀಯ, ಬಿಡಲು ಮನಸ್ಸು ಬರುವುದಿಲ್ಲ. ಆದರೆ ಕಾದಂಬರಿಯನ್ನೇ ನೋಡು. ಫ್ರಾನ್ಸಿನ ಜೊತೆ ಅಷ್ಟು ವರ್ಷ ಯುದ್ಧ ನಡೆದ ಕಾಲ ಅದು. ಆ ಎರಡು ಮನೆಗಳ ಒಳಗೆ ಅದರ ಸದ್ದು ಬರುವುದಿಲ್ಲ. ಮನೆಗೂ ಮನೆಗೂ ನಾಲ್ಕು ಮೈಲಿ, ಅಷ್ಟರಲ್ಲೇ ಅವಳ ಲೋಕ. ಒಂದು ವಾಕ್ಯ ಸಾಕು.

ಭೂತದ ವಿಷಯ. ಕೊನೆಯಲ್ಲಿ ಕುರಿ ಕಾಯುವ ಹುಡುಗ ಅಳುತ್ತಾ, ಅಲ್ಲಿ ಹೀತ್‌ಕ್ಲಿಫ್ ಮತ್ತೊಬ್ಬ ಹೆಂಗಸು ನಿಂತಿದ್ದಾರೆ ಎನ್ನುತ್ತಾನೆ. ನೆಲ್ಲಿ ತಾನು ಏನೂ ಕಾಣಲಿಲ್ಲ ಎನ್ನುತ್ತಾಳೆ. ಹುಡುಗ ಹೆದರಿ ಕಲ್ಪಿಸಿಕೊಂಡಿರಬೇಕು ಎಂದೂ ಹೇಳುತ್ತಾಳೆ, ಕತ್ತಲಾದ ಮೇಲೆ ಹೊರಗೆ ಹೋಗಲು ನನಗೂ ಮನಸ್ಸಿಲ್ಲ ಎಂದೂ ಹೇಳುತ್ತಾಳೆ. ನೀನು ಅವಳ ಕಣ್ಣಿಗೇ ಎರಡು ನೆರಳು ತೋರಿಸಿದರೆ, ಬರೆದವಳು ಬೇಕೆಂದೇ ಕಟ್ಟದೆ ಬಿಟ್ಟ ಗಂಟನ್ನು ನೀನು ಕಟ್ಟಿದ ಹಾಗಾಗುತ್ತದೆ. ಅದರ ಬದಲು ಸಮಾಧಿ ಕಲ್ಲು ನೋಡು. ಲಾಕ್‌ವುಡ್ ನೋಡಿದಾಗ ಮೂರು ಕಲ್ಲು. ನಡುವಿನದು ಕ್ಯಾಥರಿನ್‌ದು, ಗಿಡದಲ್ಲಿ ಅರ್ಧ ಮುಚ್ಚಿತ್ತು. ಎಡ್ಗರ್‌ನ ಕಲ್ಲಿನ ಬುಡಕ್ಕೆ ಪಾಚಿ ಹತ್ತುತ್ತಿತ್ತು. ಹೀತ್‌ಕ್ಲಿಫ್‌ನದು ಮಾತ್ರ ಬರಿ ಕಲ್ಲು. ಹತ್ತು ವರ್ಷಕ್ಕೆ ಪಾಚಿ ಎಲ್ಲಿಯವರೆಗೆ ಬರಬಹುದು ಹೇಳು?

ಇನ್ನೊಂದು ಕನ್ನಡದ್ದೇ ತೊಡಕು. ಇಂಗ್ಲಿಷಿನಲ್ಲಿ ನೆಲ್ಲಿ ಎಲ್ಲರಿಗೂ ಒಂದೇ ತರ 'ಹಿ', 'ಶಿ' ಎಂದು ಪಾರಾಗುತ್ತಾಳೆ. ಕನ್ನಡದಲ್ಲಿ ಆಗುವುದಿಲ್ಲ. ನೀನು ಎಲ್ಲರಿಗೂ 'ಅವನು', 'ಅವಳು' ಹಾಕಿದ್ದೀಯ. ಆ ಮನೆಯಲ್ಲಿ ಉಂಡು ದುಡಿದವಳು ಈಗಿನ ಯಜಮಾನನಿಗೆ 'ಅವನು' ಎನ್ನುತ್ತಾಳಾ? ಹೇರ್ಟನ್, ಚಿಕ್ಕ ಕ್ಯಾಥಿ ಇಬ್ಬರಿಗೂ 'ಅವರು' ಎನ್ನಲಿ. ಸತ್ತ ಕ್ಯಾಥರಿನ್ ಮಾತು ಬಂದಾಗ ಮೊದಲು 'ದೊಡ್ಡಮ್ಮಾವರು' ಎಂದು ಬರೆಯಲಿ. ಬೆಂಚಿನ ಹತ್ತಿರ ಬಂದಾಗ ಅವಳಿಗೇ ಗೊತ್ತಿಲ್ಲದ ಹಾಗೆ 'ಅವಳು' ಆಗಲಿ. ಒಟ್ಟಿಗೆ ಬೆಳೆದವರು ಅವರು. ಇಂಗ್ಲಿಷಿನಲ್ಲಿ ಮಾಡಲಾಗದ್ದನ್ನು ನೀನು ಒಂದು ಅಕ್ಷರದಲ್ಲಿ ಮಾಡಬಹುದು. ಹಾಂ, ಅವಳ ಬಾಯಿಗೆ ನಮ್ಮ ಕುಂದಾಪುರದ ಮಾತು ಹಾಕಬೇಡ. ಅಲ್ಲೊಂದು ಇಲ್ಲೊಂದು ಬಿಟ್ಟರೆ ಅವಳ ಮಾತಿನಲ್ಲಿ ಹಳ್ಳಿಯ ಗುರುತಿಲ್ಲ ಎಂದು ಲಾಕ್‌ವುಡ್ಡೇ ಹೇಳುತ್ತಾನೆ. ಆ ಕಾದಂಬರಿಯಲ್ಲಿ ಗಟ್ಟಿ ಹಳ್ಳಿಮಾತು ಜೋಸೆಫ್‌ನದು.

ಹೀಗೆ ಹೇಳುತ್ತಾ ಹೇಳುತ್ತಾ ನನ್ನ ಕೈಯೂ ತಡೆಯಲಿಲ್ಲ. ಒಂದು ಹಾಳೆ ಬರೆದೆ. ಇದನ್ನು ಹಾಗೇ ಇಳಿಸಿಕೊಳ್ಳಬೇಡ, ನೀನು ನಿನ್ನದನ್ನೇ ಬರೆ. ನಾನು ಹೇಳಿದ್ದು ಬರೆದರೆ ಹೇಗಿರುತ್ತದೆ ಎಂದು ತೋರಿಸಲು ಮಾತ್ರ.

*

ಥ್ರಷ್‌ಕ್ರಾಸ್ ಗ್ರೇಂಜ್
ಸೆಪ್ಟೆಂಬರ್ 1812

ಲಾಕ್‌ವುಡ್ ಸ್ವಾಮಿಯವರಿಗೆ ಎಲೆನ್ ಡೀನ್ ಮಾಡುವ ವಂದನೆಗಳು.

ಈ ಕಾಗದಕ್ಕೆ ತಾವು ದುಡ್ಡು ಕೊಡಬೇಕಾಗುತ್ತದೆ, ಆದ್ದರಿಂದ ಒಂದೇ ಹಾಳೆ. ಯಜಮಾನರು, ಅಮ್ಮಾವರು, ಮಕ್ಕಳು ಎಲ್ಲ ಕ್ಷೇಮ. ದೊಡ್ಡ ಮಗನಿಗೆ ಯಜಮಾನರೇ ಅಕ್ಷರ ಕಲಿಸುತ್ತಾರೆ. ಹೈಟ್ಸ್‌ನ ಬಾಗಿಲ ಮೇಲೆ ಕೊರೆದ ಹೆಸರನ್ನು ಮೊನ್ನೆ ಅವರೇ ಓದಿ ತೋರಿಸಿದರು. ಒಂದು ಕಾಲದಲ್ಲಿ ಅದು ಅವರಿಗೇ ಓದಲು ಬರುತ್ತಿರಲಿಲ್ಲ, ತಮಗೆ ನೆನಪಿರಬಹುದು. ಈ ವರ್ಷ ಗಿರಣಿಗಳ ಕಡೆ ಗಲಾಟೆ ಎಂದು ಕೇಳಿದೆವು. ನಮ್ಮ ಕಡೆ ಕುರಿ, ಮಳೆ, ಮೊದಲಿನ ಹಾಗೇ.

ಜೋಸೆಫ್ ಚಳಿಗಾಲದಲ್ಲಿ ತೀರಿಕೊಂಡ. ಆ ಮನೆ ಮುಚ್ಚುವುದೆಂದಾಯಿತು. ಸಾಮಾನು ನೋಡಿ ಬರಲು ನಾನೇ ಹೋದೆ. ಬೇರೆಯವರಿಗೆ ಯಾವುದು ಉಳಿಸಬೇಕು ಎಂದು ಗೊತ್ತಾಗುವುದಿಲ್ಲ. ತಾಮ್ರದ ಪಾತ್ರೆ ಎಲ್ಲ ಇಲ್ಲಿಗೆ ತರಿಸಿದೆ. ದೊಡ್ಡ ಪೀಠ ಭಾರ, ಇಬ್ಬರು ಹಿಡಿದು ಸರಿಸಬೇಕಾಯಿತು. ಅದರ ಹಿಂದೆ ಗೋಡೆಯ ಬದಿಗೆ ಒಂದು ಬೆಂಚು ಇತ್ತು. ಹುಳ ಹಿಡಿದಿದೆ ಎಂದು ಹೇಳಿ ಒಡೆಸಿ ಒಲೆಗೆ ಹಾಕಿಸಿದೆ.

ದೊಡ್ಡಮ್ಮಾವರು ಮದುವೆಗೆ ಒಪ್ಪಿದ ರಾತ್ರಿಯ ಮಾತನ್ನು ತಮಗೆ ಹೇಳಿದ್ದೆ. ನಾನು ಕೂತಿದ್ದ ಜಾಗದಲ್ಲಿ ಮೊನ್ನೆ ಮತ್ತೆ ಕೂತು ನೋಡಿದೆ. ಅಲ್ಲಿಂದ ಬೆಂಚು ಚೆನ್ನಾಗಿ ಕಾಣುತ್ತದೆ. ಅವಳಿಗೆ ಕಾಣುತ್ತಿರಲಿಲ್ಲ, ಅವಳು ನೆಲದ ಮೇಲಿದ್ದಳು. ಜೋಸೆಫ್ ಬಂದ ಎಂದು ನಾನು ಹೇಳಿದ್ದು ಸುಳ್ಳಲ್ಲ, ಗಾಡಿಯ ಸದ್ದು ಕೇಳಿತ್ತು. ಮಡಿಲಲ್ಲಿ ಮಗು ಇತ್ತು, ಕೂಗಿದರೆ ಬೆಚ್ಚಿಬೀಳುತ್ತಿತ್ತು. ಆ ಮಗು ಈಗ ನನ್ನ ಯಜಮಾನರು. ಬಾಗಿಲಿಗೆ ಹತ್ತು ಹೆಜ್ಜೆ. ಎಣಿಸಿದೆ.

ಬೆಂಚಿಗೆ ಹುಳ ಹಿಡಿದಿರಲಿಲ್ಲ, ಸ್ವಾಮಿ. ಒಳ್ಳೇ ಓಕ್ ಮರ.

ತಾವು ನೋಡಿದ ಮೂರು ಕಲ್ಲುಗಳಲ್ಲಿ ಮೂರನೆಯದಕ್ಕೂ ಈಗ ಪಾಚಿ ಬಂದಿದೆ. ಅಕ್ಷರದವರೆಗೆ ಬಂದಿಲ್ಲ. ನಾನು ಮಧ್ಯಾಹ್ನವೇ ಹೋಗಿ ಬರುತ್ತೇನೆ, ಸಂಜೆಗೆ ಕಾಲು ನೋವು. ಹಾಳೆ ಮುಗಿಯಿತು.

*

'ಕಾಲು ನೋವು' ಎನ್ನುವುದನ್ನು ನೋಡು. ಕತ್ತಲಿಗೆ ಹೆದರುವವಳು ಹೇಳುವ ಕಾರಣ ಅದು. ಭೂತ ಇದೆಯೋ ಇಲ್ಲವೋ, ಮೂಲದಲ್ಲಿ ಇದ್ದ ಹಾಗೇ ಉಳಿಯಿತು. ನನಗೆ ಇನ್ನೂ ಸರಿಬಂದಿಲ್ಲದ್ದು ಹತ್ತು ಹೆಜ್ಜೆ. ಅದು ಜಾಸ್ತಿ ಹೇಳಿದ ಹಾಗಾಯಿತಾ ಅಂತ ಅನುಮಾನ. "ಎಣಿಸಿದೆ" ತೆಗೆದುಬಿಟ್ಟರೆ ಸಾಕೇನೋ. ತೆಗೆದು ಓದಿದರೆ ಏನೋ ಕಡಿಮೆಯಾದ ಹಾಗೂ ಅನ್ನಿಸುತ್ತದೆ. ನೀನು ಗಟ್ಟಿಯಾಗಿ ಓದಿ ಹೇಳು. ಯಾವತ್ತೂ ಕಿವಿಗೆ ಬಿಟ್ಟುಕೊಡು, ಕಣ್ಣು ಮೋಸಹೋಗುತ್ತದೆ.

ಹೇರ್ಟನ್‌ನ ದೊಡ್ಡ ಮಗನ ಹೆಸರನ್ನು ನಾನು ಬರೆಯಲಿಲ್ಲ, ಗಮನಿಸಿದೆಯಾ? ನೀನು ಹೀತ್‌ಕ್ಲಿಫ್ ಎಂದಿಟ್ಟಿದ್ದೆ. ಆ ಹೆಸರೇ ಆ ಮನೆಯಲ್ಲಿ ಮೊದಲು ಸತ್ತುಹೋದ ಒಂದು ಮಗುವಿನದು, ಆಮೇಲೆ ಬೀದಿಯಿಂದ ತಂದ ಹುಡುಗನಿಗೆ ಇಟ್ಟದ್ದು. ಹೇರ್ಟನ್ ಮತ್ತೆ ಅದನ್ನೇ ಇಟ್ಟರೂ ಇಡಬಹುದು, ಹೀತ್‌ಕ್ಲಿಫ್ ಸತ್ತಾಗ ನಿಜವಾಗಿ ಅತ್ತವನು ಅವನೊಬ್ಬನೇ. ಆದರೆ ನೆಲ್ಲಿ ಅದನ್ನು ಕಾಗದದಲ್ಲಿ ಬರೆಯುತ್ತಾಳಾ? ನನಗೆ ಹೇಳಲು ಬರುತ್ತಿಲ್ಲ. ನೀನೇ ತೀರ್ಮಾನಿಸು.

ಚಿಕ್ಕಪ್ಪನ ಸ್ಟೂಲಿನ ಮಾತನ್ನು ಅಜ್ಜಿಗೆ ನಾನು ಇವತ್ತಿನವರೆಗೂ ಹೇಳಿಲ್ಲ. ದೀಪಾವಳಿಗೆ ಬಂದಾಗ ನೀನೂ ಎತ್ತಬೇಡ. ಬರುವಾಗ ರೈಲಿಗೇ ಬಾ, ಬಸ್ಸು ನಂಬಬೇಡ. ಹೊಸ ಹಾಳೆ ತೆಗೆದುಕೊಂಡು ಬಾ, ನೆಲ್ಲಿಯನ್ನು ಇಬ್ಬರೂ ಕೂತು ಮತ್ತೊಮ್ಮೆ ಓದೋಣ.

ನಿನ್ನ
ಅಮ್ಮ